ಎರಡು ಫೋಟೋ ಹೋಲಿಸೋಕೆ ಸಬ್‌ಟ್ರ್ಯಾಕ್ಟಾ, ಡಿಫರೆನ್ಸಾ?

ಫೋಟೋಶಾಪ್‌ನಲ್ಲಿ ಒರಿಜಿನಲ್ ಕೆಳಗೆ, ಅನುಮಾನ ಇರೋ ಕಾಪಿ ಮೇಲೆ ಇಟ್ಟು ಮೇಲಿನ ಲೇಯರ್‌ನ ಬ್ಲೆಂಡ್ ಮೋಡ್ ಬದಲಾಯಿಸಬೇಕು, ಇಲ್ಲೇ ಎಲ್ರಿಗೂ ಗೊಂದಲ.

ಒಂದು ರಸೀದಿ ಸ್ಕ್ಯಾನ್ ತಗೊಳ್ಳಿ, 8 ಬಿಟ್‌ದು. ಅದ್ರಲ್ಲಿ 0 ಅಂದ್ರೆ ಕಪ್ಪು, 255 ಅಂದ್ರೆ ಬಿಳಿ. ಪೇಪರ್ ಬಣ್ಣ 240, ಯಾರೋ ತಾರೀಖು ಅಳಿಸಿ ಬಳಿದಿರೋ ತೇಪೆ 243. ಸಬ್‌ಟ್ರ್ಯಾಕ್ಟ್ ಹಾಕಿದ್ರೆ 240ರಲ್ಲಿ 243 ಕಳೆದು ಮೈನಸ್ ಬರುತ್ತೆ, ಮೈನಸ್ ಎಲ್ಲಾ ಸೊನ್ನೆ ಆಗೋದ್ರಿಂದ ತೇಪೆ ಕಾಣೋದೇ ಇಲ್ಲ, ಲೇಯರ್ ಅದಲು ಬದಲು ಮಾಡಿದ್ರೆ ಮಾತ್ರ ಸಿಗುತ್ತೆ. ಡಿಫರೆನ್ಸ್‌ಗೆ ಆ ಪಂಚಾಯ್ತಿ ಇಲ್ಲ, ಯಾವ ಕಡೆಯಿಂದ ಕಳೆದ್ರೂ 3.

ಆದ್ರೆ 3 ಅಂದ್ರೂ ಕಣ್ಣಿಗೆ ಕಪ್ಪೇ, ಅದಕ್ಕೆ ಮೇಲೊಂದು ಲೆವೆಲ್ಸ್ ಲೇಯರ್ ಹಾಕಿ ಬಲಗಡೆ ಬಿಳಿ ಇನ್‌ಪುಟ್ ಸ್ಲೈಡರ್‌ನ 255ರಿಂದ 10ಕ್ಕೆ ಎಳೀರಿ, 3 ಇದ್ದಿದ್ದು ಸುಮಾರು 76 ಆಗಿ ತೇಪೆಯ ಅಂಚು ಸಮೇತ ಎದ್ದು ಕಾಣುತ್ತೆ.

ಹುಡುಕೋಕೆ ಡಿಫರೆನ್ಸೇ ಸರಿ. ಸಿಕ್ಕಿದ ಜಾಗ ಬೆಳ್ಳಗಾಗಿದ್ಯಾ ಕಪ್ಪಾಗಿದ್ಯಾ ತಿಳೀಬೇಕಾದ್ರೆ ಸಬ್‌ಟ್ರ್ಯಾಕ್ಟ್. ಎಲ್ಲಾ ಅಕ್ಷರದ ಸುತ್ತ ತೆಳ್ಳಗೆ ಗೆರೆ ಬಂದ್ರೆ ಅದು ಎಡಿಟ್ ಅಲ್ಲ, ಲೇಯರ್ ಒಂದ್ ಪಿಕ್ಸೆಲ್ ಸರಿದಿದೆ ಅಷ್ಟೇ. ಪೂರ್ತಿ ಚಿತ್ರದಲ್ಲಿ ಸಣ್ಣ ಚೌಕ ಚೌಕ ಕಂಡ್ರೆ ಜೆಪೆಗ್ ಮತ್ತೆ ಸೇವ್ ಆಗಿರೋ ಗುರುತು, ಆ ಗದ್ದಲದಲ್ಲಿ 3ರಷ್ಟು ಸಣ್ಣ ವ್ಯತ್ಯಾಸ ಎರಡು ಮೋಡ್‌ಗೂ ಸಿಗಲ್ಲ.