ಸ್ಕೇಟ್ ಶೂ ತಗೊಳ್ಳೋ ಮುಂಚೆ ಅದರ ಮೂತಿ ಒತ್ತಿ ನೋಡಿ

ಡಬ್ಬಿಯ ಮೇಲೆ ‘ವಲ್ಕನೈಸ್ಡ್ ಸೋಲ್, ಬಲಪಡಿಸಿದ ಮೂತಿ’ ಅಂತ ದಪ್ಪಕ್ಷರದಲ್ಲಿತ್ತು. ಕೆಲವೇ ವಾರಗಳಲ್ಲಿ ಎಡಗಾಲಿನ ಶೂನಿಂದ ಕಾಲುಚೀಲ ಇಣುಕುತ್ತಿತ್ತು. ವಾಪಸ್ ಕೇಳಿದರೆ, ಬಳಸಿ ಸವೆದಿದ್ದಕ್ಕೆ ಗ್ಯಾರಂಟಿ ಇಲ್ಲ ಅಂದರು.

ಸ್ಕೇಟ್ ಶೂ ಸವೆಯುವುದು ಸಹಜ, ಅದಕ್ಕೆ ತಕರಾರಿಲ್ಲ. ಸ್ಕೇಟ್‌ಬೋರ್ಡಿನ ಮೇಲಿನ ಗ್ರಿಪ್ ಟೇಪ್ ಅಂದರೆ ಒರಟು ಉಜ್ಜುಕಾಗದವೇ. ಆಲಿ, ಅಂದರೆ ಬೋರ್ಡಿನ ಸಮೇತ ನೆಗೆಯುವ ಪಟ್ಟು, ಹೊಡೆಯುವಾಗ ಮುಂದಿನ ಕಾಲನ್ನು ಹೊರಮಗ್ಗುಲಿಗೆ ವಾಲಿಸಿ ಅದರ ಮೇಲೆ ಎಳೆಯುತ್ತೇವೆ. ಪ್ರತಿ ಸಲವೂ ಉಜ್ಜುವುದು ಅದೇ ಜಾಗ, ಕಿರುಬೆರಳಿನ ಪಕ್ಕ. ನೆಗೆದಾಗ ಬೋರ್ಡನ್ನು ಗಾಳಿಯಲ್ಲೇ ಉರುಳಿಸುವ ಕಿಕ್‌ಫ್ಲಿಪ್ ಕಲಿಯುತ್ತಿದ್ದರೆ ಮೂತಿಯ ಅಂಚಿಗೂ ಅದೇ ಗತಿ. ನನ್ನ ಬಲಗಾಲಿನ ಶೂ ಇನ್ನೂ ಹೊಸದರಂತೆಯೇ ಇದೆ. ಏನು ಮಾಡೋದು, ಒಂಟಿ ಶೂ ಯಾರೂ ಮಾರಲ್ಲ!

ನನ್ನ ತಕರಾರು ಆ ‘ಬಲಪಡಿಸಿದ’ ಅನ್ನೋದರ ಬಗ್ಗೆ. ಹರಿದ ಜಾಗವನ್ನು ಬ್ಲೇಡಿನಿಂದ ಬಿಡಿಸಿ ನೋಡಿದೆ. ಮೇಲೆ ಸ್ವೇಡ್ ಅನ್ನೋ ನವಿರು ರೋಮದ ಚರ್ಮದಂತೆ ಕಾಣುವ ತೆಳು ಲೇಪ, ಅದರಡಿ ಬಟ್ಟೆ, ಆಮೇಲೆ ನೇರವಾಗಿ ಸ್ಪಂಜು. ಇರಬೇಕಾಗಿದ್ದ ರಬ್ಬರ್ ಪದರ ಇರಲೇ ಇಲ್ಲ. ಬಲಪಡಿಸಿದ್ದು ಅಂತ ತೋರಿಸಲು ಮೂತಿಯ ಮೇಲೆ ಇನ್ನೊಂದು ತುಂಡನ್ನು ಹೊಲಿದಿದ್ದರು, ಅಷ್ಟೇ. ಆ ಹೊಲಿಗೆಯೋ, ಸರಿಯಾಗಿ ಆಲಿ ಉಜ್ಜುವ ಜಾಗದಲ್ಲೇ ಹಾದುಹೋಗಿತ್ತು. ಉಬ್ಬಿದ ದಾರ ಮೊದಲು ತುಂಡಾಯಿತು, ಆಮೇಲೆ ಮೇಲಿನ ತುಂಡು ಎದ್ದು ಬಂತು.

ಸೋಲ್‌ನ ಕಥೆ ಬೇರೆ. ವಲ್ಕನೈಸ್ಡ್ ಶೂನಲ್ಲಿ ಸೋಲ್ ಮತ್ತು ಮೇಲ್ಭಾಗ ಸೇರುವಲ್ಲಿ ಸುತ್ತಲೂ ರಬ್ಬರ್ ಪಟ್ಟಿ ಅಂಟಿಸಿ, ಒಲೆಯಲ್ಲಿ ಬಿಸಿಮಾಡಿ ಗಟ್ಟಿಯಾಗಿಸುತ್ತಾರೆ. ಸೋಲ್ ತೆಳ್ಳಗೆ ಇರುವುದರಿಂದ ಬೋರ್ಡು ಕಾಲಿಗೆ ಚೆನ್ನಾಗಿ ಸಿಗುತ್ತದೆ. ಅದಕ್ಕೇ ತಾನೇ ತಗೊಳ್ಳೋದು. ಆದರೆ ಬೆರಳು ಮಡಚುವಲ್ಲಿ ಆ ಪಟ್ಟಿ ದಿನವೂ ಬಾಗಿ ಬಾಗಿ ಬಿಟ್ಟುಕೊಳ್ಳುತ್ತದೆ. ಬಟ್ಟಲಿನಂತೆ ಅಚ್ಚು ಹಾಕಿ, ಸುತ್ತ ಹೊಲಿದ ಕಪ್‌ಸೋಲ್ ಸಾಮಾನ್ಯವಾಗಿ ಜಾಸ್ತಿ ಬಾಳುತ್ತದೆ, ಮೊದಮೊದಲು ಸ್ವಲ್ಪ ಬಿರುಸು.

ಅಂಗಡಿಯಲ್ಲಿ ಶೂ ಕೈಗೆ ತಗೊಂಡಾಗ ಕಿರುಬೆರಳಿನ ಜಾಗವನ್ನು ಹೆಬ್ಬೆರಳಿಂದ ಒತ್ತಿ. ಒಳಗೆ ರಬ್ಬರ್ ಇದ್ದರೆ ಸಾಮಾನ್ಯವಾಗಿ ಬೆರಳಿಗೆ ಪುಟಿದು ಎದುರು ಒತ್ತುತ್ತದೆ, ಇಲ್ಲದಿದ್ದರೆ ಸುಮ್ನೆ ಕುಸಿಯುತ್ತದೆ. ಸ್ವೇಡ್ ಮೇಲೆ ಬೆರಳಾಡಿಸಿ. ನಿಜವಾದದ್ದಾದರೆ ಸಣ್ಣ ರೋಮ ಆಕಡೆ ಈಕಡೆ ವಾಲಿ ಬಣ್ಣ ತುಸು ಬದಲಾದಂತೆ ಕಾಣುತ್ತದೆ. ಅಗ್ಗದ ನಕಲಿ ಸ್ವೇಡ್‌ನಲ್ಲಿ ಇದು ಅಷ್ಟಾಗಿ ಕಾಣಲ್ಲ. ಆದರೆ ಕೆಲವು ನಕಲಿಗಳಿಗೂ ರೋಮ ಇರುತ್ತದೆ, ಹಾಗಾಗಿ ಇದೊಂದನ್ನೇ ನಂಬಬೇಡಿ. ಮೂತಿಯಲ್ಲಿ ಹೊಲಿಗೆಯೇ ಇಲ್ಲದೆ ಒಂದೇ ತುಂಡು ಸ್ವೇಡ್ ಇದ್ದರೆ ಇನ್ನೂ ಒಳ್ಳೆಯದು. ಬರೀ ಕ್ಯಾನ್ವಾಸ್ ಆದರೆ ಮುಟ್ಟಲೇಬೇಡಿ, ಅದು ಓಡಾಡೋಕೆ ಸರಿ.

ಹೊಲಿಗೆ ಇರುವ ಶೂ ಆಗಲೇ ತಗೊಂಡಿದ್ದರೆ, ಬೋರ್ಡ್ ಹತ್ತುವ ಮುಂಚೆ ಆ ದಾರದ ಮೇಲೆ ಶೂ ಗಮ್ಮನ್ನು ತೆಳ್ಳಗೆ ಸವರಿ, ಒಂದಿಡೀ ದಿನ ಒಣಗಲು ಬಿಡಿ. ತೂತು ಬಿದ್ದ ಮೇಲೆ ಹಚ್ಚಿದರೆ ಸ್ಪಂಜಿಗೆ ಅಂಟಿ ಗಂಟುಗಟ್ಟುತ್ತದೆ, ನಾನು ನೋಡಿದ್ದೇನೆ.