ಗ್ರೂಪ್ ಫೋಟೋದಲ್ಲಿ ಮುಖ ಬದಲು ಮಾಡಿಸುವವರೇ, ಫ್ಲಿಪ್ ಮಾಡಿದ್ದಾರಾ ನೋಡಿಕೊಳ್ಳಿ

ಮನೆಯವರೆಲ್ಲ ಒಟ್ಟಿಗೆ ಇರುವುದು ಒಂದೇ ಫೋಟೋ. ಅದರಲ್ಲಿ ಕಣ್ಣು ಮುಚ್ಚಿಕೊಂಡವನು ನಾನು. ಬೇರೆ ಫೋಟೋದಿಂದ ಮುಖ ತಂದು ಕೂರಿಸಲು ಒಬ್ಬ ಎಡಿಟರ್‌ಗೆ ಕೊಟ್ಟೆ. ಒಂದು ತೊಡಕಿತ್ತು. ಗ್ರೂಪಿನಲ್ಲಿ ನನ್ನ ಎಡಗೆನ್ನೆ ಕ್ಯಾಮೆರಾ ಕಡೆಗಿತ್ತು, ನಾನು ಕಳಿಸಿದ ಫೋಟೋದಲ್ಲಿ ಬಲಗೆನ್ನೆ. "ಆಂಗಲ್ ನಾನು ಸರಿ ಮಾಡ್ತೀನಿ ಸರ್, ಬಿಡಿ" ಅಂದ. ಬಿಟ್ಟೆ.

ಅವನು ಮಾಡಿದ್ದು ಇಷ್ಟೇ: ಎಡ-ಬಲ ಅದಲುಬದಲು ಮಾಡುವ `Flip Horizontal` ಒತ್ತಿ, ಇಡೀ ತಲೆಯನ್ನು ಕತ್ತರಿಸಿ ಅಂಟಿಸಿದ.

ನಾಚಿಕೆಯ ವಿಷಯ ಏನೆಂದರೆ, ಪ್ರಿಂಟಿಗೆ ಮೊದಲು ಅವನು ತೋರಿಸಿದಾಗ ನಾನೇ "ತುಂಬಾ ಚೆನ್ನಾಗಿದೆ" ಅಂದೆ. ಯಾಕೆ ಹಾಗನ್ನಿಸಿತು ಅಂತ ಆಮೇಲೆ ಹೊಳೆಯಿತು. ನಾನು ದಿನಾ ಕನ್ನಡಿಯಲ್ಲಿ ನೋಡುವುದು ಅದೇ ತಿರುಗುಮುರುಗು ಮುಖವನ್ನ! ಬೇರೆ ಯಾರೂ ನನ್ನನ್ನು ಹಾಗೆ ನೋಡಿಲ್ಲ.

ಫ್ರೇಮ್ ಮನೆಗೆ ಬಂತು. ತಂಗಿ ನೋಡಿದ ಕೂಡಲೇ "ಅಣ್ಣಾ, ಇದು ನೀನಾ?" ಅಂದಳು. ಅಮ್ಮ ಗಾಜಿನ ಮೇಲೆ ಬೆರಳಿಟ್ಟು, "ಮಚ್ಚೆ ಈ ಕಡೆ ಯಾವಾಗ ಬಂತೋ?" ನನ್ನ ಮಚ್ಚೆ ಇರುವುದು ಬಲಗೆನ್ನೆಯಲ್ಲಿ. ಆ ಫೋಟೋದಲ್ಲಿ ಅದು ಸರಿಯಾಗಿ ಕಾಣಲೇಬಾರದು. ಅಲ್ಲಿ ನೋಡಿದರೆ ಎಡಗೆನ್ನೆಯ ನಡುವೆ ಕೂತಿದೆ. ಎಡಕ್ಕಿದ್ದ ಬೈತಲೆ ಬಲಕ್ಕೆ ಹೋಗಿದೆ. ಎಲ್ಲರ ಮೂಗಿನ ನೆರಳು ಒಂದು ಕಡೆ, ನನ್ನದು ಮಾತ್ರ ಇನ್ನೊಂದು ಕಡೆ. ಫ್ಲಿಪ್ ಮಾಡಿದರೆ ಬೆಳಕೂ ತಿರುಗುತ್ತದೆ, ಅಲ್ವಾ?

ಕೇಳಿದ್ದಕ್ಕೆ, "ನೀವೇ ಓಕೆ ಅಂದಿರಲ್ಲ ಸರ್." ಜಗಳ ಆಡಿದ ಮೇಲೆ ಮಚ್ಚೆ ಒಂದನ್ನು ಅಳಿಸಿ ಕಳಿಸಿದ. ಬೈತಲೆ? "ಬೈತಲೆ ಯಾರು ನೋಡ್ತಾರೆ ಸರ್!" ಎಲ್ಲರೂ ನೋಡುತ್ತಾರೆ ಮಾರಾಯ. ಏನು ತಪ್ಪು ಅಂತ ಹೇಳಲು ಬರದಿದ್ದರೂ, ಇದು ಅವನಲ್ಲ ಅಂತ ಗೊತ್ತಾಗಿಬಿಡುತ್ತದೆ.

ಸಿಟ್ಟು ಬರುವುದು ಇದಕ್ಕೆ: ಗ್ರೂಪ್ ಫೋಟೋದಲ್ಲಿ ನನ್ನ ಕೂದಲು ಸರಿಯಾಗಿಯೇ ಇತ್ತು. ಕೆನ್ನೆ, ನೆರಳು, ಎಲ್ಲ ಸರಿ ಇತ್ತು. ಬೇಕಿದ್ದದ್ದು ಕಣ್ಣು ಮಾತ್ರ. ಅದಕ್ಕೆ ಉಳಿದದ್ದನ್ನೆಲ್ಲ ಮರೆಮಾಡುವ ಮಾಸ್ಕ್ ಹಾಕಿ ಕಣ್ಣಿನ ಭಾಗವನ್ನಷ್ಟೇ ತಂದಿದ್ದರೆ ಮಚ್ಚೆಯೂ ಬೈತಲೆಯೂ ಇದ್ದಲ್ಲೇ ಇರುತ್ತಿದ್ದವು. ಆದರೂ ಫ್ಲಿಪ್ ಮಾಡಿದ ಕಣ್ಣು ಪೂರ್ತಿ ಹೊಂದುವುದಿಲ್ಲ. ನನ್ನ ಒಂದು ರೆಪ್ಪೆ ಸ್ವಲ್ಪ ಜೋಲು, ಅದು ಪಕ್ಕ ಬದಲಿಸುತ್ತದೆ. ಅದೇ ದಿನ ಅದೇ ಜಾಗದಲ್ಲಿ ತೆಗೆದ, ಅದೇ ಕಡೆ ತಿರುಗಿದ ಇನ್ನೊಂದು ಶಾಟ್ ಸಿಕ್ಕರೆ ಅದನ್ನೇ ಕೊಡಿ.

ಪ್ರಿಂಟಿಗೆ ಮೊದಲು ಫೋಟೋವನ್ನು ನೀವು ನೋಡಿ ಒಪ್ಪಬೇಡಿ, ಮನೆಯವರಿಗೆ ತೋರಿಸಿ. ಹೋಲಿಸಲು ಸೆಲ್ಫಿ ಬೇಡ. ಕೆಲವು ಫೋನ್‌ಗಳು ಸೆಲ್ಫಿಯನ್ನೇ ಕನ್ನಡಿ ಥರ ಉಳಿಸುತ್ತವೆ. ಹಿಂದಿನ ಕ್ಯಾಮೆರಾದಲ್ಲಿ ತೆಗೆದದ್ದು ಇಟ್ಟುಕೊಂಡು ಮಚ್ಚೆ, ಬೈತಲೆ ನೋಡಿ.

ಫ್ರೇಮ್ ಈಗ ಬೀರುವಿನ ಹಿಂದೆ ಇದೆ. ಮೂಲ ಫೋಟೋವನ್ನೇ ಮತ್ತೆ ಪ್ರಿಂಟ್ ಹಾಕಿಸಿ ಗೋಡೆಗೆ ಹಾಕಿದ್ದೇವೆ. ಕಣ್ಣು ಮುಚ್ಚಿದ್ದರೂ ಅದು ನಾನೇ.