ಲಕ್ಷ-ಕೋಟಿಯೋ ಮಿಲಿಯನ್ನೋ: ಮುಖ ಕಾಣದವರಿಗೆ ಲೆಕ್ಕ ಓದಿದ ಮೇಲೆ

ದೊಡ್ಡ ಮೊತ್ತವನ್ನು ಬಾಯಲ್ಲಿ ಓದಿ ಹೇಳುವಾಗ ಲಕ್ಷ-ಕೋಟಿ ಅನ್ನಬೇಕೋ ಮಿಲಿಯನ್ ಅನ್ನಬೇಕೋ? ಮೊದಲೇ ಹೇಳಿಬಿಡುತ್ತೇನೆ, ನಾನು ಲಕ್ಷ-ಕೋಟಿ ಪಕ್ಷ. ಆದರೆ ಮಿಲಿಯನ್ನಿಗೂ ಒಂದು ಪೂರ್ತಿ ಸಭೆ ಬಿಟ್ಟುಕೊಟ್ಟು ನೋಡಿದ್ದೇನೆ. ಅದಕ್ಕೆ ಕಾರಣ ನಾನೇ ಮಾಡಿಕೊಂಡ ಒಂದು ಎಡವಟ್ಟು.

ಸಾಗರದ ಹತ್ತಿರದ ನಮ್ಮ ಸರ್ಕಾರಿ ಶಾಲೆಗೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಎರಡು ಕೊಠಡಿ ಕಟ್ಟಿಸುತ್ತಿದ್ದೇವೆ. ಖಜಾಂಚಿ ನಾನು. ವರ್ಷಕ್ಕೆ ಎರಡು ಸಲ ಫೋನ್ ಸಭೆ ಇಟ್ಟು ಲೆಕ್ಕ ಓದುತ್ತೇನೆ. ಆ ಕಡೆ ಯಾರಿದ್ದಾರೆ ಅಂತ ನನಗೆ ಗೊತ್ತಿರುವುದಿಲ್ಲ. ಶಾಲೆಯ ಜಗಲಿಯಲ್ಲಿ ಸ್ಪೀಕರ್ ಹಾಕಿಕೊಂಡು ಕೂತ ಮೇಷ್ಟ್ರು, ಮೇಸ್ತ್ರಿ ಇರುತ್ತಾರೆ. ಮಸ್ಕತ್‌ನಿಂದ ಇಬ್ಬರು, ನ್ಯೂಜೆರ್ಸಿಯಿಂದ ಯಾರದೋ ಮಗಳು. ಆಮೇಲೆ ರೆಕಾರ್ಡಿಂಗ್ ಕೇಳುವವರು ಬೇರೆ. ಯಾರ ಮುಂದೆಯೂ ಹಾಳೆ ಇಲ್ಲ. ನನ್ನ ಬಾಯಿಂದ ಬಂದದ್ದೇ ಲೆಕ್ಕ.

ಹೋದ ವರ್ಷ ದುಡ್ಡು ಕೊಟ್ಟು ಒಂದು ರೆಡಿಮೇಡ್ ಎಕ್ಸೆಲ್ ಹಾಳೆ ತಗೊಂಡೆ. ಸಂಗ್ರಹ, ಖರ್ಚು, ಬಾಕಿ ಎಲ್ಲ ತಾನೇ ಲೆಕ್ಕ ಹಾಕುತ್ತದೆ, ಕಾಮಾ ಕೂಡ ನಮ್ಮ ಪದ್ಧತಿಯಲ್ಲೇ ಹಾಕುತ್ತದೆ. ಸಭೆಯ ದಿನ ಹಾಳೆಯಲ್ಲಿ ಮೂರು ಸಾಲು ಹೀಗಿತ್ತು: ಸಂಗ್ರಹ 27,40,000. ಅಂದಾಜು ಖರ್ಚು 39,90,000. ಬಾಕಿ -1,250,000.

ಮೊದಲ ಎರಡನ್ನು ಸರಿಯಾಗಿ ಓದಿದೆ. ಮೂರನೆಯದನ್ನು "ಒಂದು ಲಕ್ಷದ ಇಪ್ಪತ್ತೈದು ಸಾವಿರ ಕೊರತೆ" ಅಂದುಬಿಟ್ಟೆ. ಅರೆ ಕ್ಷಣ ಮೌನ. ಆಮೇಲೆ ಮಸ್ಕತ್‌ನಿಂದ ಒಂದು ದನಿ: "ಅಷ್ಟೇನಾ? ಅದನ್ನ ನಾನೇ ಕೊಡ್ತೀನಿ ಬಿಡಿ." ಎಲ್ಲರೂ ಚಪ್ಪಾಳೆ ತಟ್ಟಿದರು. ನಿಜವಾದ ಕೊರತೆ ಹನ್ನೆರಡೂವರೆ ಲಕ್ಷ. ಫೋನ್ ಇಟ್ಟು ಹತ್ತು ನಿಮಿಷ ಆದ ಮೇಲೆ ಅದು ನನಗೆ ಹೊಳೆಯಿತು.

ಯಾಕೆ ಹೀಗಾಯಿತು ಅಂತ ಆಮೇಲೆ ಕೂತು ನೋಡಿದೆ. ನಾವು ಅಂಕಿಗಳನ್ನು ಒಂದೊಂದಾಗಿ ಎಣಿಸಿ ಓದುವುದಿಲ್ಲ, ಕಾಮಾ ಎಣಿಸಿ ಓದುತ್ತೇವೆ. ಒಂದು ಕಾಮಾ ಇದ್ದರೆ ಸಾವಿರ, ಎರಡಿದ್ದರೆ ಲಕ್ಷ, ಮೂರಿದ್ದರೆ ಕೋಟಿ. 1,25,000ಕ್ಕೂ ಎರಡು ಕಾಮಾ, 1,250,000ಕ್ಕೂ ಎರಡೇ ಕಾಮಾ. ಎರಡೂ ಒಂದರಿಂದ ಶುರುವಾಗುತ್ತವೆ, ಮುಂದೆ ಇಪ್ಪತ್ತೈದು ಕಾಣುತ್ತದೆ, ಉಳಿದದ್ದು ಸೊನ್ನೆ. ಕಣ್ಣಿಗೆ ಅಷ್ಟು ಸಾಕು, ಬಾಯಿ ತಾನಾಗಿ ಲಕ್ಷ ಅಂದುಬಿಡುತ್ತದೆ. ಮೊದಲ ಕಾಮಾ ಆದ ಮೇಲೆ ಎರಡು ಅಂಕಿ ಇದೆಯೋ ಮೂರೋ ಅಂತ ನೋಡಿದ್ದರೆ ಸಿಕ್ಕಿಬೀಳುತ್ತಿತ್ತು. 99,999ರವರೆಗೆ ಎರಡೂ ಪದ್ಧತಿಯಲ್ಲಿ ಬರಹ ಒಂದೇ. ಆರನೇ ಅಂಕಿ ಬಂದಾಗಲೇ ದಾರಿ ಬೇರೆ ಆಗುವುದು: ಒಬ್ಬರಿಗೆ 1,00,000, ಇನ್ನೊಬ್ಬರಿಗೆ 100,000.

ಸರಿ, ಹಾಳೆ ಯಾಕೆ ಒಂದೇ ಸಾಲಿನಲ್ಲಿ ಪಕ್ಷ ಬದಲಿಸಿತು? ಕಾಮಾ ಹಾಕಲು ಅದರಲ್ಲಿ ಬರೆದಿದ್ದ ಫಾರ್ಮ್ಯಾಟ್ ಇದು. ಇದೇ ಸಾಲು ತುಂಬಾ ಜನರ ಹಾಳೆಗಳಲ್ಲಿ ಓಡಾಡುತ್ತಿರುತ್ತದೆ:

```
[>=10000000]##\,##\,##\,##0;[>=100000]##\,##\,##0;##,##0
```

ಕೋಟಿ ದಾಟಿದರೆ ಹೀಗೆ ಬರೆ, ಲಕ್ಷ ದಾಟಿದರೆ ಹೀಗೆ ಬರೆ, ಮಿಕ್ಕಿದ್ದೆಲ್ಲ ಮಾಮೂಲಿ ಅಂತ ಅದರ ಅರ್ಥ. ಮೈನಸ್ ಹನ್ನೆರಡೂವರೆ ಲಕ್ಷ ಅನ್ನುವುದು ಲಕ್ಷಕ್ಕಿಂತ ದೊಡ್ಡದಲ್ಲ, ಸೊನ್ನೆಗಿಂತಲೂ ಚಿಕ್ಕದು. ಹಾಗಾಗಿ ಅದು "ಮಿಕ್ಕಿದ್ದು" ಗುಂಪಿಗೆ ಬೀಳುತ್ತದೆ. ನನ್ನ ಕಂಪ್ಯೂಟರಿನ ರೀಜನ್ ಅಮೆರಿಕಕ್ಕೆ ಇಟ್ಟಿದ್ದರಿಂದ ಅಲ್ಲಿ ಮೂರು ಮೂರು ಅಂಕಿಗೆ ಕಾಮಾ ಬಿತ್ತು. ಹಿಂದಿನ ಲೆಕ್ಕದಲ್ಲೆಲ್ಲ ಬಾಕಿ ಪ್ಲಸ್ಸೇ ಇತ್ತು. ಕೊರತೆ ಬಂದ ಮೊದಲ ವರ್ಷವೇ ಕೈ ಕೊಟ್ಟಿತು.

ಇದಕ್ಕೆ ನಾನು ಎರಡು ಕೆಲಸ ಮಾಡಿದೆ. ವಿಂಡೋಸ್‌ನ ರೀಜನ್ ಸೆಟ್ಟಿಂಗ್ ಅನ್ನು `English (India)` ಮಾಡಿದೆ. ಆಗ ಸಾದಾ `#,##0` ಕೂಡ ಲಕ್ಷದ ಕಾಮಾವನ್ನೇ ತೋರಿಸುತ್ತದೆ, ಮೈನಸ್ ಇದ್ದರೂ ಸರಿ. ಆದರೆ ಅದು ನನ್ನ ಕಂಪ್ಯೂಟರಿಗೆ ಮಾತ್ರ. ಅದೇ ಫೈಲನ್ನು ಬೇರೆಯವರ ಕಂಪ್ಯೂಟರಲ್ಲಿ ತೆರೆದರೆ ಅವರ ಸೆಟ್ಟಿಂಗ್ ಪ್ರಕಾರ ಕಾಮಾ ಬೀಳುತ್ತದೆ. ಅದಕ್ಕೇ ಎರಡನೇ ಕೆಲಸ: "ಬಾಕಿ" ಸಾಲು ತೆಗೆದು "ಕೊರತೆ" ಅಂತ ಸಾಲು ಹಾಕಿ, ಖರ್ಚಿನಿಂದ ಸಂಗ್ರಹ ಕಳೆದೆ. ಕೊರತೆ ಇರುವವರೆಗೆ ಮೈನಸ್ ಬರುವ ಪ್ರಮೇಯವೇ ಇಲ್ಲ.

ಇಷ್ಟೆಲ್ಲ ಆದ ಮೇಲೆ ಒಬ್ಬರು ಸಲಹೆ ಕೊಟ್ಟರು: "ಹೊರಗಿನವರೇ ಜಾಸ್ತಿ ಕೊಡೋದು ಅಲ್ವಾ, ಮಿಲಿಯನ್ನಲ್ಲೇ ಓದಿಬಿಡಿ." ಮುಂದಿನ ಸಭೆಯಲ್ಲಿ ಹಾಗೇ ಮಾಡಿದೆ. ಅಷ್ಟು ಹೊತ್ತಿಗೆ ಸಂಗ್ರಹ 31,15,000 ಆಗಿತ್ತು. "ಮೂರು ಪಾಯಿಂಟ್ ಒಂದು ಒಂದು ಐದು ಮಿಲಿಯನ್" ಅಂತ ಓದಿದೆ.

ನ್ಯೂಜೆರ್ಸಿಯ ಹುಡುಗಿಗೆ ಖುಷಿಯಾಯಿತು. ಇಷ್ಟು ದಿನ ನಾನು ಲಕ್ಷ ಅಂದಾಗ ಅವಳು ಮನಸ್ಸಲ್ಲೇ ಗುಣಿಸುತ್ತಾ ಕೂತು ಮುಂದಿನ ಮೊತ್ತ ತಪ್ಪಿಸಿಕೊಳ್ಳುತ್ತಿದ್ದಳಂತೆ. ಇದು ನಿಜವಾದ ತೊಂದರೆಯೇ, ಒಪ್ಪುತ್ತೇನೆ. ಆದರೆ ಜಗಲಿಯ ಮೇಲೆ ಮೇಸ್ತ್ರಿ ಬರೆದುಕೊಂಡಿದ್ದು 3,11,500. ಅವರ ಲೆಕ್ಕದಲ್ಲಿ ಪಾಯಿಂಟಿನ ಹಿಂದೆ ಇರುವುದು ಯಾವತ್ತೂ ಲಕ್ಷ. ಮಿಲಿಯನ್ ಅನ್ನುವ ಪದ ಕಿವಿಗೆ ಬಿದ್ದರೂ ಕೈ ಲಕ್ಷವನ್ನೇ ಬರೆದಿದೆ. ಹತ್ತು ಪಟ್ಟು ಕಮ್ಮಿ! "ಕಬ್ಬಿಣಕ್ಕೇ ಸಾಲಲ್ವಲ್ಲ ಸರ್" ಅಂತ ಪಾಪ ಅವರು ಕೇಳಿದ ಮೇಲೆ ಗೊತ್ತಾಯಿತು.

ನನಗೆ ಮಿಲಿಯನ್ ಬಗ್ಗೆ ಇರುವ ದೊಡ್ಡ ತಕರಾರು ಮಾತ್ರ ದನಿಯದು. ಮಿಲಿಯನ್, ಬಿಲಿಯನ್ ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಅಕ್ಷರ. ಮ, ಬ ಎರಡನ್ನೂ ತುಟಿ ಮುಚ್ಚಿಯೇ ಹೇಳಬೇಕು. ಎದುರಿಗಿದ್ದವರ ಬಾಯಿ ನೋಡಿದರೂ ತಿಳಿಯದು, ಫೋನಿನಲ್ಲಂತೂ ಕೇಳುವುದೇ ಬೇಡ. ತಪ್ಪಾದರೆ ಸಾವಿರ ಪಟ್ಟು ಹೆಚ್ಚುಕಮ್ಮಿ. ಲಕ್ಷ ಮತ್ತು ಕೋಟಿ ಕಿವಿಗೆ ಒಂದಕ್ಕೊಂದು ಸಂಬಂಧವೇ ಇಲ್ಲ. ಎಷ್ಟು ಕರಕರ ಲೈನ್ ಇದ್ದರೂ ಒಂದನ್ನು ಇನ್ನೊಂದು ಅಂತ ಕೇಳಿಸಿಕೊಳ್ಳುವುದು ಕಷ್ಟ. (ಕನ್ನಡದಲ್ಲಿ ಕಾಟ ಕೊಡುವುದು ಇಪ್ಪತ್ತು ಮತ್ತು ಎಪ್ಪತ್ತು. ಅದಕ್ಕೆ ಎರಡು ಪದ್ಧತಿಯಲ್ಲೂ ಮದ್ದಿಲ್ಲ. "ಎಪ್ಪತ್ತು, ಏಳು ಸೊನ್ನೆ" ಅಂತ ಬಿಡಿಸಿ ಹೇಳುತ್ತೇನೆ.)

ಕಾಲು, ಅರ್ಧ, ಮುಕ್ಕಾಲು ನಮ್ಮ ಕಡೆಯ ಬಲ. ಒಂದೂಮುಕ್ಕಾಲು ಲಕ್ಷ ಅಂದರೆ ಹಿರಿಯರಿಗೆ ತಕ್ಷಣ 1,75,000 ಕಾಣುತ್ತದೆ. ಗೊತ್ತಿಲ್ಲದವರ ಮುಂದೆ ಮಾತ್ರ ಬೇಡ. ಹೊರಗೆ ಬೆಳೆದ ಮಕ್ಕಳಿಗೆ ಮುಕ್ಕಾಲು ಅನ್ನುವುದೇ ಹೊಸದು.

ಖಾಲಿ ಜಾಗ ಎರಡೂ ಪದ್ಧತಿಗೆ ಪೆಟ್ಟು ಕೊಡುತ್ತದೆ. 1,00,05,000 ಅನ್ನು "ಒಂದು ಕೋಟಿ ಐದು ಸಾವಿರ" ಅಂದರೆ ನಡುವೆ ಲಕ್ಷದ ಮನೆ ಖಾಲಿ ಅನ್ನುವುದು ಕೇಳಿಸುವುದಿಲ್ಲ. "ಲಕ್ಷ ಏನೂ ಇಲ್ಲ" ಅಂತ ಬಾಯಿಬಿಟ್ಟು ಹೇಳಬೇಕು.

ಲಕ್ಷ-ಕೋಟಿ ಸೋಲುವ ಜಾಗವೂ ಒಂದಿದೆ. ಕರ್ನಾಟಕದ 2025-26ರ ಬಜೆಟ್ 4,09,549 ಕೋಟಿ ರೂಪಾಯಿ. ಓದುವಾಗ ಲಕ್ಷವೂ ಬರುತ್ತದೆ, ಕೋಟಿಯೂ ಬರುತ್ತದೆ, ಲಕ್ಷ ಇಲ್ಲಿ ಕೋಟಿಯನ್ನು ಎಣಿಸುತ್ತಿರುತ್ತದೆ. ಕೊನೆಯ ಪದ ನುಂಗಿಹೋದರೆ ಒಂದು ರಾಜ್ಯದ ಬಜೆಟ್ ಒಂದು ಹಳೆಯ ಕಾರಿನ ಬೆಲೆಗೆ ಇಳಿಯುತ್ತದೆ. ಅಲ್ಲಿ ನಾಲ್ಕು ಟ್ರಿಲಿಯನ್ ಅನ್ನುವುದೇ ಚೊಕ್ಕ. ನಮ್ಮ ಶಾಲೆ ಆ ಮಟ್ಟಕ್ಕೆ ಹೋಗುವ ಅಪಾಯ ಸದ್ಯಕ್ಕಿಲ್ಲ.

ಕಾನೂನು ಏನನ್ನುತ್ತದೆ ಅಂತ ನೋಡಿದರೆ ಅದು ಯಾರ ಪಕ್ಷವೂ ಅಲ್ಲ. ಕಂಪನಿ ಕಾಯ್ದೆಯ ಮೂರನೇ ಷೆಡ್ಯೂಲ್ ಪ್ರಕಾರ ಲೆಕ್ಕಪತ್ರದ ಮೊತ್ತಗಳನ್ನು ಲಕ್ಷಕ್ಕೆ ಬೇಕಾದರೂ ಸರಿಹೊಂದಿಸಬಹುದು, ಮಿಲಿಯನ್ನಿಗೆ ಬೇಕಾದರೂ ಸರಿಹೊಂದಿಸಬಹುದು. ನಮ್ಮ ಬೆಂಗಳೂರಿನ ಇನ್ಫೋಸಿಸ್ ಫಲಿತಾಂಶ ಹೇಳುವಾಗ ರೂಪಾಯಿಗೆ ಕೋಟಿ, ಡಾಲರಿಗೆ ಮಿಲಿಯನ್ ಬಳಸುತ್ತದೆ. ನನಗೆ ದಾರಿ ಕಂಡದ್ದು ಇಲ್ಲೇ. ಕೇಳುವವರು ಯಾರು ಅಂತ ಗೊತ್ತಾಗದಿದ್ದರೂ ದುಡ್ಡು ಯಾವುದು ಅಂತ ಗೊತ್ತಿರುತ್ತದಲ್ಲ. ರೂಪಾಯಿ ಓದುವಾಗ ಲಕ್ಷ, ಡಾಲರ್ ಓದುವಾಗ ಮಿಲಿಯನ್. ಒಂದೇ ಸಾಲಿನಲ್ಲಿ ಎರಡನ್ನೂ ಬೆರೆಸುವುದಿಲ್ಲ.

ಈಗ ಸಭೆ ಶುರುವಾಗುವಾಗ ಒಂದೇ ಒಂದು ಸಲ ಹೇಳುತ್ತೇನೆ: "ಒಂದು ಲಕ್ಷ ಅಂದರೆ ನೂರು ಸಾವಿರ, ಹತ್ತು ಲಕ್ಷ ಅಂದರೆ ಒಂದು ಮಿಲಿಯನ್." ನ್ಯೂಜೆರ್ಸಿಗೆ ಅಷ್ಟು ಸಾಕಾಯಿತು. ಆಮೇಲೆ ಪ್ರತಿ ದೊಡ್ಡ ಮೊತ್ತದ ಕೊನೆಗೆ ಎಷ್ಟು ಅಂಕಿ ಅಂತ ಸೇರಿಸುತ್ತೇನೆ: "ಹನ್ನೆರಡು ಲಕ್ಷದ ಐವತ್ತು ಸಾವಿರ, ಏಳು ಅಂಕಿ." ಕಾಮಾ ಎಲ್ಲೇ ಹಾಕಿಕೊಳ್ಳಲಿ, ಏಳು ಅಂಕಿ ಏಳು ಅಂಕಿಯೇ. ಹಾಗೆ ಹೇಳಬೇಕೆಂದರೆ ನಾನೂ ಎಣಿಸಲೇಬೇಕು, ಕಾಮಾ ನೋಡಿ ಓಡುವ ಹಾಗಿಲ್ಲ. ಅವತ್ತು ಇದೊಂದು ಅಭ್ಯಾಸ ಇದ್ದಿದ್ದರೆ ಬಾಯಲ್ಲೇ ತಪ್ಪು ನಿಲ್ಲುತ್ತಿತ್ತು. ಓದುವುದು ಸ್ವಲ್ಪ ನಿಧಾನ ಆಗಿದೆ, ಅದಕ್ಕೆ ಯಾರೂ ಬೈದಿಲ್ಲ.

ಮಸ್ಕತ್‌ನವರಿಗೆ ಮರುದಿನವೇ ಫೋನ್ ಮಾಡಿ ತಪ್ಪು ಒಪ್ಪಿಕೊಂಡಿದ್ದೆ. ಅವರು ನಕ್ಕು, "ನಾನು ಒಪ್ಪಿದ್ದು ನೀವು ಓದಿದ್ದಕ್ಕೆ" ಅಂದರು. ಹೇಳಿದ ಹಾಗೇ ಹಣವೂ ಬಂತು. ಮುಂದಿನ ಸಭೆಯಲ್ಲಿ ಆ ಸಾಲನ್ನು ಜೋರಾಗಿಯೇ ಓದುತ್ತೇನೆ: ಒಂದು ಲಕ್ಷದ ಇಪ್ಪತ್ತೈದು ಸಾವಿರ, ಆರು ಅಂಕಿ.